ಮೈಕು ಕೈ ಬದಲಾಗುವ ಹದಿನೈದು ಸೆಕೆಂಡು

"ಮೇಡಂ ಎಲ್ಲಾ ಹೇಳ್ಬಿಟ್ರು. ನಂಗೆ ಹೇಳೋಕೆ ಏನೂ ಉಳಿಸಿಲ್ಲ."

ಚಿಕ್ಕಮಗಳೂರಿನಲ್ಲಿ ಕಾಫಿ ಬೆಳೆಗಾರರ ಮುಂದೆ ನಾವಿಬ್ಬರೂ ಮೊದಲ ಸಲ ಜೊತೆಯಾಗಿ ಮಾತಾಡಿದ ದಿನ, ಮೈಕು ಕೈಗೆ ಬಂದ ಕೂಡಲೇ ಗೌಡ್ರು ಆಡಿದ ಮಾತಿದು. ಸಭೆ ನಕ್ಕಿತು. ನಗು ಮುಗಿದ ಮೇಲೆ ಅವರಿಗೆ ನಿಜಕ್ಕೂ ಎಲ್ಲಿಂದ ಹಿಡಿಯಬೇಕು ಅಂತ ತಿಳಿಯಲಿಲ್ಲ. ತಪ್ಪು ಅವರದಲ್ಲ. ನಾನು ಮುಗಿಸಿದ್ದು ಹೀಗೆ: "ಇಷ್ಟು ಹೇಳಿ ನನ್ನ ಮಾತು ಮುಗಿಸ್ತೀನಿ, ಮುಂದೆ ಗೌಡ್ರು ಮಾತಾಡ್ತಾರೆ." ಬಾಗಿಲು ಹಾಕಿ, ಚಿಲಕ ಜಡಿದು, ಆಮೇಲೆ ಒಳಗೆ ಬನ್ನಿ ಅಂದ ಹಾಗಾಯಿತು.

ನಾನು ಕೀಟಗಳ ಬಗ್ಗೆ ಓದಿದವಳು, ಬೆಳೆಗಾರರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಗೌಡ್ರು ಮೂಡಿಗೆರೆ ಕಡೆಯವರು, ಅರೇಬಿಕಾ ತೋಟ. ನಮ್ಮ ವಿಷಯ ಬೋರರ್, ಪುಸ್ತಕದ ಮಾತಲ್ಲಿ ಬಿಳಿ ಕಾಂಡಕೊರಕ. ಆವತ್ತು ಪ್ರಶ್ನೆಗಳೆಲ್ಲ ನನ್ನ ಕಡೆಗೇ ಬಂದವು. ಇಪ್ಪತ್ತು ವರ್ಷ ಆ ಹುಳುವಿನ ಜೊತೆ ಗುದ್ದಾಡಿದ ಮನುಷ್ಯ ಪಕ್ಕದಲ್ಲೇ ನಿಂತಿದ್ದರೂ ಸಭೆಯ ಕಣ್ಣಿಗೆ ಅವರು ನನ್ನ ಭಾಷಣಕ್ಕೆ ಒಂದು ಉದಾಹರಣೆ ಮಾತ್ರ ಆಗಿದ್ದರು. ಅದಾದ ಮೇಲೆ ನಾವು ಅದೇ ಮಾತನ್ನು ಬೇರೆ ಬೇರೆ ಊರುಗಳಲ್ಲಿ ಹಲವು ಸಲ ಆಡಿದ್ದೇವೆ. ಮಾತಿನ ಒಳಗಿನ ಸರಕು ಹೆಚ್ಚೇನೂ ಬದಲಾಗಿಲ್ಲ. ಬದಲಾಗಿದ್ದು ಕೀಲುಗಳು: ಒಬ್ಬರ ಮಾತು ಇನ್ನೊಬ್ಬರ ಬಾಯಿಗೆ ದಾಟುವ ಜಾಗಗಳು. ಅವನ್ನು ಹೇಗೆ ಕಟ್ಟಿಕೊಳ್ಳಬೇಕು ಅನ್ನುವುದಷ್ಟೇ ಇಲ್ಲಿದೆ.

ಮೊದಲ ಕೆಲಸ: ಹೊತ್ತನ್ನು ಹಂಚಬೇಡಿ, ಪ್ರಶ್ನೆಗಳನ್ನು ಹಂಚಿ

ಇಬ್ಬರು ಮಾತಾಡಬೇಕು ಅಂದ ತಕ್ಷಣ ಎಲ್ಲರೂ ಮಾಡುವುದು ಒಂದೇ: "ಮೊದಲ ಇಪ್ಪತ್ತು ನಿಮಿಷ ನೀವು, ಆಮೇಲೆ ಇಪ್ಪತ್ತು ನಿಮಿಷ ನಾನು." ಇದು ಜಂಟಿ ಮಾತಲ್ಲ, ಒಂದರ ಹಿಂದೆ ಒಂದು ನಿಲ್ಲಿಸಿದ ಎರಡು ಭಾಷಣ. ಇದರಲ್ಲಿ ಇರುವುದು ಒಂದೇ ಕೀಲು, ಅದೂ ನಟ್ಟನಡುವೆ, ಕೇಳುವವರು ಗಡಿಯಾರ ನೋಡುವ ಹೊತ್ತಿಗೆ. ವಿಜ್ಞಾನ ಒಂದು ಕಡೆ, ಅನುಭವ ಇನ್ನೊಂದು ಕಡೆ ಅಂತ ಭಾಗ ಮಾಡಿದರೆ ಇನ್ನೂ ಕಷ್ಟ. ಎರಡನೆಯವರು ಮೊದಲನೆಯವರ ಮಾತಿಗೆ ಸಾಕ್ಷಿ ಹೇಳಲು ಬಂದವರ ಹಾಗೆ ಕಾಣುತ್ತಾರೆ.

ಅದರ ಬದಲು ಒಂದು ಹಾಳೆ ತೆಗೆದುಕೊಂಡು ನಿಮ್ಮ ವಿಷಯವನ್ನು ಪ್ರಶ್ನೆಗಳ ಸಾಲಾಗಿ ಬರೆಯಿರಿ. ಒಂದು ಪ್ರಶ್ನೆಯ ಉತ್ತರದಲ್ಲೇ ಮುಂದಿನ ಪ್ರಶ್ನೆ ಹುಟ್ಟುವಂತಿರಬೇಕು. ನಮ್ಮ ನಲವತ್ತು ನಿಮಿಷದ ಮಾತು ಹೀಗೆ ಬಿತ್ತು.

ಮೊದಲ ಪ್ರಶ್ನೆ: ತೋಟದಲ್ಲಿ ಓಡಾಡುವವನ ಕಣ್ಣಿಗೆ ಏನು ಕಾಣುತ್ತದೆ? ಎಲೆ ಹಳದಿಯಾಗುವುದು, ಗಿಡ ಸೊರಗುವುದು, ಕಾಂಡದ ಮೇಲೆ ಉಬ್ಬಿದ ಗೆರೆ. ಇದು ಗೌಡ್ರದು, ಆರು ನಿಮಿಷ. ಎರಡನೆಯದು: ಆ ಗೆರೆಯ ಒಳಗೆ ಏನು ನಡೆಯುತ್ತಿದೆ? ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುವುದು, ಮರಿ ಮೊದಲು ತೊಗಟೆಯ ಅಡಿಯಲ್ಲಿ ಇದ್ದು ಆಮೇಲೆ ಗಟ್ಟಿ ಮರದೊಳಗೆ ಇಳಿಯುವುದು, ಸುಮಾರು ಒಂಬತ್ತು ಹತ್ತು ತಿಂಗಳು ಒಳಗೇ ಕೊರೆಯುವುದು. ಇದು ನನ್ನದು, ಒಂಬತ್ತು ನಿಮಿಷ. ಮೂರನೆಯದು: ಹಾಗಾದರೆ ಅಷ್ಟು ಗಿಡಗಳಲ್ಲಿ ಹುಳು ಬಿದ್ದ ಗಿಡವನ್ನು ಹುಡುಕುವುದು ಹೇಗೆ? ಟ್ರೇಸಿಂಗ್, ಬುಡಸಮೇತ ಕಿತ್ತು ಸುಡುವುದು. ಗೌಡ್ರು, ಒಂಬತ್ತು ನಿಮಿಷ. ನಾಲ್ಕನೆಯದು: ಕಿತ್ತು ಸುಟ್ಟರೂ ಅದೇ ಬ್ಲಾಕಿನಲ್ಲಿ ಮತ್ತೆ ಯಾಕೆ ಬರುತ್ತದೆ? ನೆರಳಿನ ಮಾತು, ತೊಗಟೆ ಉಜ್ಜುವ ಮಾತು. ನಾನು, ಎಂಟು ನಿಮಿಷ. ಕೊನೆಗೆ ಇಬ್ಬರೂ ಸೇರಿ ವರ್ಷದ ಕೆಲಸದ ಪಟ್ಟಿ, ಐದು ನಿಮಿಷ. ಉಳಿದ ಮೂರು ನಿಮಿಷ ಯಾರದೂ ಅಲ್ಲ. ಅದನ್ನು ಹಾಗೇ ಬಿಡಿ. ಎಲ್ಲೋ ಒಂದು ಕಡೆ ಬೇಕಾಗಿಯೇ ಬೇಕಾಗುತ್ತದೆ.

ಹೀಗೆ ಹಂಚಿದಾಗ ನಾಲ್ಕು ಕೀಲು ಸಿಕ್ಕಿದವು. ನಲವತ್ತು ನಿಮಿಷಕ್ಕೆ ನಾಲ್ಕು ಸಾಕು. ಒಮ್ಮೆ ಉತ್ಸಾಹದಲ್ಲಿ ಒಂಬತ್ತು ಮಾಡಿಕೊಂಡು ನೋಡಿದೆವು. ಕೇಳುವವರ ಕುತ್ತಿಗೆ ನೋವು ಬಂದಿರಬೇಕು.

ಇನ್ನೊಂದು ಮಾತು, ನಮ್ಮ ಕಡೆಯ ಸಭೆಗಳಿಗೆ ಮಾತ್ರ ಬೇಕಾದದ್ದು. ವೇದಿಕೆಯ ಮೇಲಿರುವ ಗಣ್ಯರಿಗೆಲ್ಲ ಹೆಸರು ಹಿಡಿದು ವಂದಿಸುವುದು ಒಬ್ಬರೇ, ಒಂದೇ ಸಲ, ಇಬ್ಬರ ಪರವಾಗಿ. "ನಮ್ಮಿಬ್ಬರ ಕಡೆಯಿಂದ ಎಲ್ಲರಿಗೂ ನಮಸ್ಕಾರ" ಅಂತ ಶುರುವಿನಲ್ಲೇ ಗೌಡ್ರು ಹೇಳಿಬಿಡುತ್ತಾರೆ. ಇದನ್ನು ಮೊದಲೇ ಮಾತಾಡಿಕೊಳ್ಳದಿದ್ದರೆ ಎರಡನೆಯವರು ಮೈಕು ಹಿಡಿದ ಕೂಡಲೇ ಮತ್ತೆ ಅಧ್ಯಕ್ಷರಿಂದ ಹಿಡಿದು ವಂದನೆ ಶುರು ಮಾಡುತ್ತಾರೆ. ನೀವು ಜೋಡಿಸಿಟ್ಟ ಎಳೆ ಅಲ್ಲೇ ಕಡಿಯುತ್ತದೆ.

ಎರಡನೆಯದು: ಬಿಟ್ಟುಕೊಡುವ ವಾಕ್ಯವನ್ನು ಬರೆದಿಡಿ

ಮಾತಿನ ಉಳಿದ ಭಾಗವನ್ನು ಬರೆದು ಬಾಯಿಪಾಠ ಮಾಡುವುದು ನನಗೆ ಇಷ್ಟವಿಲ್ಲ. ಅದು ಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ. ಕೀಲುಗಳನ್ನು ಮಾತ್ರ ಅಕ್ಷರಕ್ಕೆ ಅಕ್ಷರ ಬರೆಯಲೇಬೇಕು. ಕಾರಣ ಇದೆ.

ದಿನನಿತ್ಯದ ಮಾತುಕತೆಯಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರು ಮಾಡುವ ನಡುವಿನ ಬಿಡುವು ಬಹಳ ಸಣ್ಣದು. ಬೇರೆ ಬೇರೆ ನಾಡಿನ ಹತ್ತು ಭಾಷೆಗಳಲ್ಲಿ ಜನ ಪ್ರಶ್ನೆಗೆ ಉತ್ತರ ಕೊಡುವ ವೇಗವನ್ನು ಅಳೆದ ಒಂದು ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸರಾಸರಿ ಬಿಡುವು ಸುಮಾರು ಒಂದು ಸೆಕೆಂಡಿನ ಐದನೇ ಒಂದು ಭಾಗ. ಆದರೆ ಮನಸ್ಸಿನಲ್ಲಿ ಒಂದೇ ಒಂದು ಪದವನ್ನು ಹುಡುಕಿ ಬಾಯಿಗೆ ತರಲು ಅದರ ಮೂರರಷ್ಟು ಹೊತ್ತು ಬೇಕು. ಅಂದರೆ ಎದುರಿನವರು ನಿಮ್ಮ ಮಾತು ಮುಗಿಯುವ ಮೊದಲೇ, ಅದು ಎಲ್ಲಿ ಮುಗಿಯುತ್ತದೆ ಎಂದು ಊಹಿಸಿ ತಮ್ಮ ಮಾತನ್ನು ಸಿದ್ಧ ಮಾಡಿಕೊಂಡಿರುತ್ತಾರೆ. ಮನೆಯ ಜಗಲಿಯಲ್ಲಿ ಈ ಊಹೆ ತಾನಾಗೇ ನಡೆಯುತ್ತದೆ. ವೇದಿಕೆಯ ಮೇಲೆ ಒಬ್ಬರು ಒಂಬತ್ತು ನಿಮಿಷ ಒಂದೇ ಸಮನೆ ಮಾತಾಡುತ್ತಿದ್ದಾಗ, ಇದು ಕೊನೆಯ ವಾಕ್ಯವೋ ಇನ್ನೂ ಇದೆಯೋ ಎಂದು ಪಕ್ಕದಲ್ಲಿ ನಿಂತವರಿಗೆ ಹೇಗೆ ಗೊತ್ತಾಗಬೇಕು? ಗೊತ್ತಾಗದೆ ಮೂರು ಸೆಕೆಂಡು ಮೌನ ಬೀಳುತ್ತದೆ, ಇಲ್ಲವೇ ಇಬ್ಬರೂ ಒಟ್ಟಿಗೆ ಬಾಯಿ ತೆಗೆಯುತ್ತಾರೆ.

ಇಲ್ಲಿ ಕನ್ನಡದ ಸ್ವಭಾವ ಒಂದು ಸಹಾಯ ಮಾಡುತ್ತದೆ, ಒಂದು ತೊಂದರೆ ಕೊಡುತ್ತದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಮರಿ ಗಟ್ಟಿ ಮರದೊಳಗೆ ಇಳಿಯುತ್ತದೆ" ಅಂದರೆ ಬಾಗಿಲು ಸರಿಯಾಗಿ ಕೂತ ಸದ್ದು ಕೇಳುತ್ತದೆ. ಆದರೆ ಆಡುಮಾತಿನಲ್ಲಿ ನಾವು ಹಾಗೆ ಮುಗಿಸುವುದು ಕಡಿಮೆ. "ಮರಿ ಒಳಗಡೆ ಸೇರ್ಕೊಂಡು… ಆಮೇಲೆ ಹಂಗೇ ಕೊರ್ಕೊಂಡು… ಸೋ ಹಂಗಾಗಿ…" ಅಂತ ಎಳೆಯುತ್ತೇವೆ. "ಸೇರಿಕೊಂಡು," "ಕೊರೆದುಕೊಂಡು" ಎಂಬ ರೂಪಗಳು ಇನ್ನೂ ಇದೆ, ತಡಿ ಅನ್ನುತ್ತವೆ. ನನ್ನ ಹಳೆಯ ರೆಕಾರ್ಡಿಂಗ್ ಕೇಳಿದಾಗ ಗೌಡ್ರು ತಡವರಿಸಿದ ಪ್ರತಿ ಜಾಗದಲ್ಲೂ ನಾನು "ಹಂಗಾಗಿ" ಅಂತ ನೇತಾಡಿಕೊಂಡೇ ನಿಂತಿದ್ದೆ.

ಹಾಗಾಗಿ ಬಿಟ್ಟುಕೊಡುವ ಕೊನೆಯ ವಾಕ್ಯ ಚಿಕ್ಕದಿರಲಿ, ಪೂರ್ಣ ಕ್ರಿಯಾಪದದಲ್ಲೋ ನೇರ ಪ್ರಶ್ನೆಯಲ್ಲೋ ನಿಲ್ಲಲಿ, ಅದರ ಹಿಂದೆ ಬಾಲಂಗೋಚಿ ಬೇಡ. ಅದರ ಮುಂಚಿನ ಒಂದು ವಾಕ್ಯ ನೀವು ಎಲ್ಲಿಗೆ ಬಂದು ನಿಂತಿರಿ ಅನ್ನುವುದನ್ನು ಹೇಳಲಿ. ಮೂರು ನಾಲ್ಕು ವಾಕ್ಯ, ಹದಿನೈದು ಸೆಕೆಂಡಿನ ಒಳಗೆ. ನನ್ನ ಎರಡನೆಯ ಭಾಗದ ಕೊನೆ ಮೊದಲು ಹೀಗಿತ್ತು:

"ಹೀಗೆ ಈ ಹುಳುವಿನ ಜೀವನಚಕ್ರ ಇರುತ್ತೆ. ಈಗ ನಿಯಂತ್ರಣ ಕ್ರಮಗಳ ಬಗ್ಗೆ ಗೌಡ್ರು ತಮ್ಮ ಅನುಭವ ಹಂಚಿಕೊಳ್ತಾರೆ."

ಈಗ ಹೀಗಿದೆ:

"ಏಪ್ರಿಲಲ್ಲಿ ದುಂಬಿ ಹೊರಗೆ ಬರುತ್ತೆ. ಅದಕ್ಕೆ ಮೊದಲು, ಮಾರ್ಚಲ್ಲೇ ಆ ಗಿಡ ಹುಡುಕಿ ತೆಗೀಬೇಕು. ಪುಸ್ತಕ ಇಷ್ಟು ಹೇಳುತ್ತೆ. ಆದ್ರೆ ಎಕರೆಗಟ್ಟಲೆ ತೋಟದಲ್ಲಿ ಒಂದು ಗೆರೆಯನ್ನ ಯಾರು, ಎಲ್ಲಿಂದ ಹುಡುಕ್ತಾರೆ?"

ಇದರಲ್ಲಿ ಗೌಡ್ರ ಹೆಸರೇ ಇಲ್ಲ ಅನ್ನುವುದನ್ನು ಗಮನಿಸಿ. ಬೇಕಿಲ್ಲ. ಪ್ರಶ್ನೆ ತೋಟದ್ದು, ತೋಟದವರು ಪಕ್ಕದಲ್ಲೇ ಇದ್ದಾರೆ, ನಾನು ಆ ಕಡೆ ತಿರುಗಿ ನೋಡಿದ್ದೇನೆ. ಇನ್ನೊಂದು ವಿಷಯ: ಈ ಪ್ರಶ್ನೆಗೆ ನನ್ನ ಹತ್ತಿರ ನಿಜವಾಗಿಯೂ ಉತ್ತರವಿಲ್ಲ. ಉತ್ತರ ಗೊತ್ತಿದ್ದೂ ಗೊತ್ತಿಲ್ಲದವರ ಹಾಗೆ "ಇದರ ಬಗ್ಗೆ ನೀವೇನಂತೀರಿ?" ಎಂದು ಕೇಳಿದರೆ ರೇಡಿಯೋ ಕೃಷಿ ಸಂವಾದದ ನಾಟಕದಂತೆ ಆಗುತ್ತದೆ, ಸಭೆಗೆ ಅದು ತಕ್ಷಣ ಗೊತ್ತಾಗುತ್ತದೆ. ಕೀಲು ಬೀಳಬೇಕಾದ್ದು ನಿಮ್ಮ ಜ್ಞಾನ ನಿಜಕ್ಕೂ ಮುಗಿಯುವ ಕಡೆ.

ಗಮಕ ಕೇಳಿದವರಿಗೆ ಇದು ಹೊಸದಲ್ಲ. ವಾಚನ ಮಾಡುವವರು ಒಬ್ಬರು, ವ್ಯಾಖ್ಯಾನ ಮಾಡುವವರು ಇನ್ನೊಬ್ಬರು. ಪಳಗಿದ ವ್ಯಾಖ್ಯಾನಕಾರರು "ಈಗ ಮುಂದಿನ ಪದ್ಯ ಹಾಡುತ್ತಾರೆ" ಅನ್ನುವುದಿಲ್ಲ. ಕೋಪಗೊಂಡ ಭೀಮ ಎದ್ದು ನಿಂತ, ಏನೆಂದ, ಎಂದು ಕೇಳಿ ನಿಲ್ಲಿಸಿಬಿಡುತ್ತಾರೆ. ಭೀಮನ ಮಾತು ಪದ್ಯದಲ್ಲಿದೆ. ಹಾಡದೆ ಬೇರೆ ದಾರಿಯೇ ಇಲ್ಲ.

ಎತ್ತಿಕೊಳ್ಳುವ ವಾಕ್ಯ

ಬಿಟ್ಟುಕೊಡುವುದನ್ನು ಬರೆದವರೂ ಎತ್ತಿಕೊಳ್ಳುವುದನ್ನು ಬರೆಯುವುದಿಲ್ಲ. ಎರಡನೆಯವರ ಮೊದಲ ವಾಕ್ಯವೂ ಅದೇ ಚೀಟಿಯಲ್ಲಿ ಇರಬೇಕು. ನಿಯಮ ಒಂದೇ: ಮೊದಲಿನವರು ಬಿಟ್ಟ ಪದವೊಂದು ಎರಡನೆಯವರ ಮೊದಲ ವಾಕ್ಯದಲ್ಲಿ ಕಾಣಬೇಕು. ನಾವಿದನ್ನು ಕೊಂಡಿಪದ ಅಂತ ಕರೆದುಕೊಂಡಿದ್ದೇವೆ. ಮೇಲಿನ ಕೀಲಿನಲ್ಲಿ ಕೊಂಡಿಪದ "ಗೆರೆ." ಗೌಡ್ರ ಎತ್ತುಗಡೆ ಹೀಗಿದೆ:

"ಆ ಗೆರೆ ಮೊದಲು ಕಂಡಿದ್ದು ನನಗಲ್ಲ. ನಮ್ಮ ತೋಟದಲ್ಲಿ ಕೆಲಸ ಮಾಡೋ ಹೆಂಗಸ್ರಿಗೆ. ಬಗ್ಗಿ ಕಳೆ ಕೀಳೋವಾಗ ಅವರ ಕಣ್ಣು ಕಾಂಡದ ಮಟ್ಟಕ್ಕೇ ಇರುತ್ತೆ, ನಾವು ನಿಂತ್ಕೊಂಡು ಎಲೆ ನೋಡ್ತಿರ್ತೀವಿ."

ಇದರಲ್ಲಿ ಧನ್ಯವಾದ ಇಲ್ಲ, "ಮೇಡಂ ತುಂಬಾ ಚೆನ್ನಾಗಿ ಹೇಳಿದ್ರು" ಇಲ್ಲ, "ಮೇಡಂ ಈಗಾಗ್ಲೇ ಹೇಳಿದ ಹಾಗೆ" ಅನ್ನುವುದೂ ಇಲ್ಲ. ಇವು ಮರ್ಯಾದೆಯ ಮಾತುಗಳು, ಬಿಡಿ ಅಂದರೆ ಮೊದಮೊದಲು ಗೌಡ್ರಿಗೆ ಒರಟು ಅನ್ನಿಸಿತು. "ಏನ್ ಮೇಡಂ, ಹಂಗೇ ಶುರು ಹಚ್ಕೊಂಡ್ರೆ ಜನ ಏನಂದ್ಕೊಳ್ತಾರೆ?" ಅಂದರು. ಒಪ್ಪಂದಕ್ಕೆ ಬಂದೆವು: ಮರ್ಯಾದೆಯ ಮಾತೆಲ್ಲ ಶುರುವಿನಲ್ಲಿ ಒಂದು ಸಲ, ಕೊನೆಯಲ್ಲಿ ಒಂದು ಸಲ. ನಡುವೆ ಮರ್ಯಾದೆ ತೋರಿಸುವ ದಾರಿ ಬೇರೆ, ಇನ್ನೊಬ್ಬರ ಪದವನ್ನು ನಿಮ್ಮ ವಾಕ್ಯಕ್ಕೆ ತೆಗೆದುಕೊಳ್ಳುವುದೇ ಅದು.

ಕರೆಯುವ ರೀತಿಯನ್ನೂ ಇದೇ ಹೊತ್ತಿಗೆ ತೀರ್ಮಾನ ಮಾಡಿ. ನಾವು ಫೋನಿನಲ್ಲಿ ಹೇಗೆ ಮಾತಾಡಿಕೊಳ್ಳುತ್ತೇವೋ ಹಾಗೇ ವೇದಿಕೆಯಲ್ಲೂ ಗೌಡ್ರು, ಮೇಡಂ. ಒಳಗೊಂದು ಹೊರಗೊಂದು ಆದರೆ ಬಾಯಿ ತಡವರಿಸುತ್ತದೆ. ಆದರೆ ಇಬ್ಬರಿಗೂ ಒಂದೇ ತೂಕ ಇರಲಿ. ಒಬ್ಬರು "ಡಾಕ್ಟರ್ ಮೇಡಂ," ಇನ್ನೊಬ್ಬರು "ನಮ್ಮ ರೈತ ಬಾಂಧವರು" ಅಂತಾದರೆ ಯಾರ ಮಾತು ಹೆಚ್ಚು ಎಂದು ಸಭೆ ಆಗಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಗೌಡ್ರ ಹೆಸರಿನ ಜೊತೆ ನಾನು ಯಾವತ್ತೂ "ಅನುಭವ" ಅನ್ನುವ ಪದ ಬಳಸುವುದಿಲ್ಲ ಈಗ. ಅವರದು ಲೆಕ್ಕ. ಬ್ಲಾಕ್ ಬ್ಲಾಕಿಗೆ ಬರೆದಿಟ್ಟ ಲೆಕ್ಕ.

ಯಾರ ವಿಚಾರ ಯಾರ ಬಾಯಲ್ಲಿ

ನನಗೆ ಅತಿ ಕಷ್ಟವಾದದ್ದು ಇದು, ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ.

ಕೀಲುಗಳು ನುಣುಪಾದ ಮೇಲೂ ಒಂದು ತೊಡಕು ಉಳಿದಿತ್ತು. ಹುಳುವಿನ ಪ್ರಶ್ನೆ ನನಗೆ, ಕೂಲಿಯ ಪ್ರಶ್ನೆ ಅವರಿಗೆ. ಎರಡೂ ಸೇರಿದ ಪ್ರಶ್ನೆಗೆ, ಅಂದರೆ ನಿಜವಾಗಿ ಉಪಯೋಗಕ್ಕೆ ಬರುವ ಪ್ರಶ್ನೆಗೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು. ಆಗ ಒಂದು ಬದಲಾವಣೆ ಮಾಡಿದೆವು. ನನ್ನ ಭಾಗದ ಒಂದು ವಿಚಾರವನ್ನು ಅವರು ಹೇಳುವುದು, ಅವರ ಭಾಗದ ಒಂದು ವಿಚಾರವನ್ನು ನಾನು ಹೇಳುವುದು. ಒಂದೊಂದೇ. ದುಂಬಿ ಬಿಸಿಲು ಬೀಳುವ ಗಿಡವನ್ನೇ ಹುಡುಕಿಕೊಂಡು ಹೋಗುತ್ತದೆ ಅನ್ನುವುದು ಪುಸ್ತಕದ ಮಾತು, ಅದನ್ನು ಗೌಡ್ರು ಹೇಳುತ್ತಾರೆ. ಅವರ ತೋಟದ ನಕ್ಷೆಯಲ್ಲಿ ಹುಳು ಬಿದ್ದ ಗಿಡಗಳ ಬಣ್ಣದ ಗುರುತು ಹೆಚ್ಚಿರುವುದು ನೆರಳಿನ ಸಿಲ್ವರ್ ಓಕ್ ಮರ ಕಡಿದ ಅಂಚಿನಲ್ಲಿ ಅನ್ನುವುದು ಅವರ ಲೆಕ್ಕ, ಅದನ್ನು ನಾನು ಪರದೆಯ ಮೇಲೆ ತೋರಿಸುತ್ತೇನೆ. ಹೀಗೆ ಮಾಡಲು ಮೊದಲು ಇಬ್ಬರೂ ಇನ್ನೊಬ್ಬರ ವಿಚಾರವನ್ನು ಪ್ರಶ್ನೆ ಕೇಳಿ ಕೇಳಿ ಅರ್ಥ ಮಾಡಿಕೊಳ್ಳಲೇಬೇಕಾಯಿತು. ನಕ್ಷೆಯ ಬಗ್ಗೆ ನಾನು ಕೇಳಿದ ಪ್ರಶ್ನೆಗಳಿಂದಲೇ ಹಳೆಯ ಎರಡು ವರ್ಷದ ಗುರುತುಗಳನ್ನೂ ಒಂದೇ ಹಾಳೆಗೆ ತರುವ ಯೋಚನೆ ಹುಟ್ಟಿತು. ಆ ಯೋಚನೆ ಯಾರದು ಎಂದು ಕೇಳಿದರೆ ಈಗ ಇಬ್ಬರಿಗೂ ಹೇಳಲು ಬರುವುದಿಲ್ಲ.

ಅದಲುಬದಲು ಮಾಡುವಾಗ ಕದ್ದ ಹಾಗೆ ಕಾಣಬಾರದು. ಮೂಲವನ್ನು ಒಂದು ಸಲ, ಮೊದಲ ಸಲ ಹೇಳುವಾಗ, ಸ್ಪಷ್ಟವಾಗಿ ಹೇಳಿಬಿಡಿ: "ಈ ನಕ್ಷೆ ಗೌಡ್ರ ತೋಟದ್ದು, ಗುರುತು ಹಾಕಿದ್ದು ಅಲ್ಲಿನ ಕೆಲಸದವರು, ಓದಿದ್ದು ನಾವಿಬ್ರೂ ಕೂತ್ಕೊಂಡು." ಆಮೇಲೆ ಮತ್ತೆ ಮತ್ತೆ ಹೇಳುತ್ತಾ ಹೋಗಬೇಡಿ. ಹತ್ತು ಸಲ "ಇದು ಅವರ ಐಡಿಯಾ" ಅಂದರೆ ಅದು ಉಪಕಾರ ಸ್ಮರಣೆಯಾಗುತ್ತದೆ, ಹಂಚಿಕೆ ಆಗುವುದಿಲ್ಲ.

"ನಾವು" ಅನ್ನುವ ಪದದ ಮೇಲೆ ಒಂದು ಕಣ್ಣಿಡಿ. ಕನ್ನಡದಲ್ಲಿ ಕೇಳುವವರನ್ನು ಸೇರಿಸಿಕೊಂಡ ನಾವು, ಬಿಟ್ಟು ಹೇಳುವ ನಾವು ಎರಡಕ್ಕೂ ಒಂದೇ ಪದ. ನಾನು "ನಾವು ಶಿಫಾರಸು ಮಾಡ್ತೀವಿ" ಅಂದರೆ ಸಭೆಗೆ ಕೇಳಿಸುವುದು ಸರ್ಕಾರ. ಗೌಡ್ರು "ನಾವು ಮಾಡೋದು ಹಿಂಗೆ" ಅಂದರೆ ಕೇಳಿಸುವುದು ಬೆಳೆಗಾರರು. ಎರಡೂ ಕಡೆ ಇನ್ನೊಬ್ಬರು ಹೊರಗೆ. ಜಂಟಿಯಾಗಿ ಕಂಡುಕೊಂಡ ಮಾತಿಗೆ "ನಾವಿಬ್ಬರೂ" ಎಂದೇ ಹೇಳಿ, ಸಭೆಯೂ ಸೇರಿದ್ದರೆ "ನಾವು ನೀವೆಲ್ಲ" ಎಂದು ಹೇಳಿ. ಬರಿಯ "ನಾವು" ಬಂದ ಕಡೆಯೆಲ್ಲ ಚೀಟಿಯಲ್ಲಿ ಕೆಂಪು ಗೆರೆ ಎಳೆದು ಸರಿಪಡಿಸಿದೆವು. ಹನ್ನೊಂದು ಕಡೆ ಸಿಕ್ಕಿತು.

ಇನ್ನು ಒಪ್ಪದ ಮಾತು. ನೆರಳಿನ ವಿಷಯದಲ್ಲಿ ನಮಗೆ ಪೂರ್ತಿ ಹೊಂದುವುದಿಲ್ಲ. ಬೋರರ್ ತಡೆಯಲು ನೆರಳು ಬೇಕು ಅನ್ನುವುದು ನನ್ನ ಪಾಠ. ನೆರಳು ಹೆಚ್ಚಾದರೆ ಫಸಲು ಕಡಿಮೆ, ಮಳೆಗಾಲದಲ್ಲಿ ಕೊಳೆರೋಗ, ಆದ್ದರಿಂದ ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು, ಸ್ವಲ್ಪ ಬಿಗಿಯಾಗೇ ಇರಲಿ ಅನ್ನುವುದು ಅವರ ಪಾಠ. (ಕೊಳೆರೋಗ ಅನ್ನುವ ನಮ್ಮ ಪದವೇ ಆ ಶಿಲೀಂಧ್ರದ ವೈಜ್ಞಾನಿಕ ಹೆಸರಿಗೂ ಹೋಗಿ ಸೇರಿದೆ, ಕೊಳೆರೋಗ ನಾಕ್ಸಿಯ ಅಂತ. ಗೌಡ್ರಿಗೆ ಇದನ್ನು ಹೇಳಿದ ದಿನ ಅವರು ವಾದ ಗೆದ್ದಷ್ಟೇ ಖುಷಿಪಟ್ಟರು.) ಮೊದಲು ಇದನ್ನು ಮುಚ್ಚಿಟ್ಟು ಮಾತಾಡುತ್ತಿದ್ದೆವು. ಆಗ ಏನಾಗುತ್ತಿತ್ತು ಎಂದರೆ, ನಾನು ನೆರಳಿನ ಬಗ್ಗೆ ಹೇಳುವಾಗ ಪಕ್ಕದಲ್ಲಿ ಅವರ ಮುಖ ಸಣ್ಣಗೆ ಆಗುತ್ತಿತ್ತು. ಸಭೆ ಕೇಳುತ್ತಿದ್ದದ್ದು ನನ್ನ ಮಾತನ್ನು, ನೋಡುತ್ತಿದ್ದದ್ದು ಅವರ ಮುಖವನ್ನು.

ಈಗ ಮೂರನೆಯ ಕೀಲು ನಿಂತಿರುವುದೇ ಆ ಭಿನ್ನಾಭಿಪ್ರಾಯದ ಮೇಲೆ. ಗೌಡ್ರು ಹೀಗೆ ಬಿಡುತ್ತಾರೆ: "ಕಿತ್ತು ಸುಟ್ಟೆ. ಮಾರನೇ ವರ್ಷ ಅದೇ ಅಂಚಲ್ಲಿ ಮತ್ತೆ ಬಂತು. ಮೇಡಂ ನೆರಳು ಉಳಿಸಿ ಅಂತಾರೆ, ನಾನು ಉಳಿಸಿದ್ರೆ ಕಾಯಿ ಇರಲ್ಲ ಅಂತೀನಿ. ಎಷ್ಟು ನೆರಳು?" ನಾನು ಎತ್ತಿಕೊಳ್ಳುವುದು: "ಎಷ್ಟು ನೆರಳು ಅನ್ನೋದ್ರಲ್ಲಿ ನಾವಿಬ್ರೂ ಇನ್ನೂ ಒಪ್ಪಿಲ್ಲ. ಎಲ್ಲಿ ನೆರಳು ಅನ್ನೋದ್ರಲ್ಲಿ ಒಪ್ಪಿದ್ದೀವಿ." ಅಲ್ಲಿಂದ ತೋಟದ ಅಂಚು, ರಸ್ತೆಯ ಬದಿ, ಮರ ಬಿದ್ದು ಬಯಲಾದ ಜಾಗ, ಇವುಗಳ ಮಾತು. ಒಪ್ಪದ್ದನ್ನು ಹೇಳಿದ ಮೇಲೆ ಒಪ್ಪಿದ್ದು ಯಾವುದು ಅನ್ನುವುದು ಮುಂದಿನ ವಾಕ್ಯದಲ್ಲೇ ಬರಬೇಕು. ಅದು ಬಾರದಿದ್ದರೆ ಸಭೆ ಪಕ್ಷ ಕಟ್ಟಿಕೊಂಡು ಜಗಳ ನೋಡಲು ಕೂರುತ್ತದೆ. ಹಾಸನದ ಕಡೆಯ ಒಂದು ಸಭೆಯಲ್ಲಿ ನಾನು ಎರಡನೆಯ ವಾಕ್ಯ ಮರೆತು ನೇರ ವಿವರಣೆಗೆ ಹೋದೆ. ಉಳಿದ ಹೊತ್ತೆಲ್ಲ ಸಿಲ್ವರ್ ಓಕ್ ಮಾರಾಟದ ಚರ್ಚೆಯಾಯಿತು.

ಕೈ, ಕಾಲು, ಮೈಕು

ನಮ್ಮ ಬಹುಪಾಲು ಸಭಾಂಗಣಗಳಲ್ಲಿ ಕೆಲಸ ಮಾಡುವ ಕೈಮೈಕು ಇರುವುದು ಒಂದೇ. ಎರಡು ಇದ್ದರೆ ಎರಡನೆಯದರ ಬ್ಯಾಟರಿ ಹೋಗಿರುತ್ತದೆ. ಒಂದೇ ಮೈಕು ಅಂದುಕೊಂಡೇ ಸಿದ್ಧರಾಗಿ. ಮೈಕು ಕೈಯಿಂದ ಕೈಗೆ ಹೋಗಿ, ಬಾಯಿಯ ಹತ್ತಿರ ನೆಲೆಗೊಳ್ಳಲು ಎರಡು ಸೆಕೆಂಡು ಬೇಕು. ಆ ಎರಡು ಸೆಕೆಂಡು ಖಾಲಿ ಕಾಣಬಾರದು ಎಂದೇ ಬಿಟ್ಟುಕೊಡುವ ವಾಕ್ಯ ಪ್ರಶ್ನೆಯಾಗಿದ್ದರೆ ಒಳ್ಳೆಯದು. ಮೈಕು ನಡೆಯುವಾಗ ಕೇಳುವವರು ಉತ್ತರ ಯೋಚಿಸುತ್ತಿರುತ್ತಾರೆ.

ಪ್ರಶ್ನೆ ಪೂರ್ತಿ ಮುಗಿದ ಮೇಲೆಯೇ ಮೈಕನ್ನು ಬಾಯಿಂದ ತೆಗೆಯಿರಿ. ಮಾತಾಡುತ್ತಲೇ ಕೈ ಚಾಚಿದರೆ ಕೊನೆಯ ಪದ, ಅಂದರೆ ಕ್ರಿಯಾಪದ, ಗಾಳಿಗೆ ಹೋಗುತ್ತದೆ. ಮೈಕು ಆಫ್ ಮಾಡಿ ಕೊಡಬೇಡಿ. ಹತ್ತಿರ ಹತ್ತಿರ ನಿಲ್ಲಿ, ಒಂದು ಹೆಜ್ಜೆಯ ದೂರ. ಸ್ಲೈಡ್ ಬದಲಿಸುವ ಗುಂಡಿ ಎತ್ತಿಕೊಳ್ಳುವವರ ಕೈಯಲ್ಲಿರಲಿ, ಮತ್ತು ಅವರು ತಮ್ಮ ಮೊದಲ ವಾಕ್ಯ ಮುಗಿದ ಮೇಲೆ ಮಾತ್ರ ಅದನ್ನು ಒತ್ತಲಿ. ಮೊದಲೇ ಒತ್ತಿದರೆ ಜನ ಪರದೆ ಓದಲು ಹೋಗುತ್ತಾರೆ, ನೀವು ಬರೆದಿಟ್ಟ ಎತ್ತುಗಡೆ ಯಾರ ಕಿವಿಗೂ ಬೀಳುವುದಿಲ್ಲ.

ಮಾತಿಲ್ಲದ ಹೊತ್ತಿನಲ್ಲಿ ಚೀಟಿ ನೋಡುತ್ತಾ ನಿಲ್ಲಬೇಡಿ, ಮಾತಾಡುವವರನ್ನು ನೋಡಿ. ನಾನು ಕೇಳುತ್ತಿಲ್ಲ ಅಂದರೆ ಸಭೆ ಯಾಕೆ ಕೇಳಬೇಕು?

ಅಭ್ಯಾಸ ಕೀಲುಗಳಿಗೆ ಮಾತ್ರ

ಇಡೀ ನಲವತ್ತು ನಿಮಿಷ ಕೂತು ಅಭ್ಯಾಸ ಮಾಡಲು ಕೊಯ್ಲಿನ ಕಾಲದಲ್ಲಿ ಯಾವ ಬೆಳೆಗಾರನಿಗೂ ಪುರುಸೊತ್ತಿಲ್ಲ. ಬೇಕಾಗಿಯೂ ಇಲ್ಲ. ಪ್ರತಿ ಕೀಲಿನ ಹಿಂದಿನ ಮೂರು ವಾಕ್ಯ, ಮುಂದಿನ ಮೂರು ವಾಕ್ಯ, ಇಷ್ಟನ್ನು ಮೂರು ಸಲ. ನಾಲ್ಕು ಕೀಲಿಗೆ ಹತ್ತು ಹದಿನೈದು ನಿಮಿಷ. ಒಂದು ಸಲವಾದರೂ ಫೋನಿನಲ್ಲಿ ಮಾಡಿ. ಎದುರು ನಿಂತಾಗ ಕಣ್ಣು, ತಲೆ ಆಡಿಸುವುದು ಸಹಾಯಕ್ಕೆ ಬರುತ್ತವೆ, ಫೋನಿನಲ್ಲಿ ಮಾತು ಒಂದೇ. ಅಲ್ಲಿ ಇನ್ನೊಬ್ಬರು "ಹಲೋ, ಮುಗೀತಾ ಮೇಡಂ?" ಅಂದರೆ ಆ ವಾಕ್ಯ ಸರಿಯಾಗಿ ಮುಗಿದಿಲ್ಲ ಎಂದೇ ಅರ್ಥ, ನೆಟ್‌ವರ್ಕನ್ನು ಬೈಯಬೇಡಿ. ಆ ವಾಕ್ಯ ಬದಲಿಸಿ.

ಕೀಲುಗಳನ್ನು ಅಂಗೈಯಗಲದ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಿ. ಎರಡರಲ್ಲೂ ನಾಲ್ಕು ಕೀಲುಗಳ ಎರಡೂ ಕಡೆಯ ವಾಕ್ಯಗಳು ಇರಲಿ, ನಿಮ್ಮವು ಮಾತ್ರ ಅಲ್ಲ. ಮಲೆನಾಡಿನಲ್ಲಿ ಕರೆಂಟು ಹೋಗುವುದು ಸುದ್ದಿಯೇನಲ್ಲ. ಒಮ್ಮೆ ಎರಡನೆಯ ಭಾಗದ ನಡುವೆ ಪರದೆ ಕಪ್ಪಾಯಿತು, ಮೈಕೂ ಹೋಯಿತು. ಚಿತ್ರಗಳಿಲ್ಲದೆ ನನ್ನ ಮಾತು ಅರ್ಧಕ್ಕೆ ಇಳಿಯಿತು, ಆದರೆ ನೇರ ರಟ್ಟಿನ ಪ್ರಶ್ನೆಗೆ ಬಂದೆ, ಗೌಡ್ರು "ಆ ಗೆರೆ" ಅಂತ ಎತ್ತಿಕೊಂಡರು.

ಎಡವಿದಾಗ

ಹೊತ್ತು ಮೀರುವುದು ಮಾಮೂಲು. ಪ್ರತಿ ಭಾಗದಲ್ಲೂ ಕಳಚಿ ಬಿಡಬಹುದಾದ ಒಂದು ತುಂಡನ್ನು ಮೊದಲೇ ಗುರುತು ಮಾಡಿ, ಇನ್ನೊಬ್ಬರಿಗೂ ಹೇಳಿಟ್ಟಿರಿ. ನನ್ನದರಲ್ಲಿ ದುಂಬಿಯ ಎರಡನೆಯ ಹಾರಾಟದ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ವಿವರ ಕಳಚುವ ತುಂಡು, ಯಾಕೆಂದರೆ ಕೊನೆಯ ಕೆಲಸದ ಪಟ್ಟಿಯಲ್ಲಿ ಅದು ಹೇಗೂ ಬರುತ್ತದೆ. ಗೌಡ್ರು ಕೈಗಡಿಯಾರ ಮುಟ್ಟಿಕೊಂಡರೆ ಆ ತುಂಡು ಹೋಯಿತು. ಎಷ್ಟೇ ಕಳಚಿದರೂ ಕೀಲಿನ ವಾಕ್ಯಗಳನ್ನು ಮಾತ್ರ ಕತ್ತರಿಸಬೇಡಿ.

ಜೊತೆಯವರು ನಿಮ್ಮ ಮಾತನ್ನು ಮುಂಚೆಯೇ ಹೇಳಿಬಿಟ್ಟರೆ? ಸುಣ್ಣದ ಸಿಂಪಡಣೆ ನನ್ನ ಭಾಗದ ಮಾತು, ಒಂದು ದಿನ ಗೌಡ್ರು ತಮ್ಮ ಓಘದಲ್ಲಿ ಅದನ್ನೂ ಹೇಳಿದರು. "ಇದನ್ನ ಅವರು ಆಗಲೇ ಹೇಳಿದ್ರು" ಎಂದು ದಾಟಿದರೆ ಅವರ ತಪ್ಪು ಎತ್ತಿ ತೋರಿಸಿದಂತೆ. "ಆ ಸುಣ್ಣ ಕಾಂಡಕ್ಕೆ ಹಿಡೀಬೇಕಾದ್ರೆ ಸಡಿಲ ತೊಗಟೆ ಮೊದಲು ಉಜ್ಜಿ ತೆಗೀಬೇಕು" ಎಂದು ಅದನ್ನೇ ಕೊಂಡಿಪದ ಮಾಡಿಕೊಂಡೆ.

ಪ್ರಶ್ನೋತ್ತರದಲ್ಲಿ ಪ್ರಶ್ನೆ ಉತ್ತರ ಕೊಡಬೇಕಾದವರನ್ನು ಬಿಟ್ಟು ಇನ್ನೊಬ್ಬರಿಗೆ ಬರುವುದುಂಟು. ಕೂಲಿಯ ಪ್ರಶ್ನೆ ನನಗೆ ಬಂದರೆ "ಗೌಡ್ರು ಹೇಳ್ತಾರೆ" ಎಂದು ಎಸೆಯುವುದಿಲ್ಲ. ಪ್ರಶ್ನೆಯನ್ನು ಬಿಡಿಸಿ ಮತ್ತೆ ಹೇಳುತ್ತೇನೆ: "ಟ್ರೇಸಿಂಗ್‌ಗೆ ಎಕರೆಗೆ ಎಷ್ಟು ಆಳು, ಅದು ಗಿಡದ ವಯಸ್ಸಿನ ಮೇಲೆ ಬದಲಾಗುತ್ತಾ ಅಂತ ಕೇಳ್ತಿದ್ದಾರೆ." ಅಷ್ಟರಲ್ಲಿ ಅವರಿಗೆ ಯೋಚಿಸಲು ಐದಾರು ಸೆಕೆಂಡು ಸಿಕ್ಕಿರುತ್ತದೆ. ಅವರು ಉತ್ತರಿಸಿದ ಮೇಲೆ ನಾನು ಸೇರಿಸುವುದಿದ್ದರೆ ಒಂದೇ ವಾಕ್ಯ, ಇಲ್ಲದಿದ್ದರೆ ಇಲ್ಲ. ಪ್ರತಿ ಉತ್ತರಕ್ಕೂ ಎರಡನೆಯವರು ಬಾಲ ಹಚ್ಚಲು ಶುರು ಮಾಡಿದರೆ ಮೊದಲನೆಯವರ ಉತ್ತರ ಯಾವಾಗಲೂ ಅರೆಬೆಂದದ್ದು ಎಂಬಂತಾಗುತ್ತದೆ.

ಕೀಲು ಕೂತಿದೆಯೋ ಇಲ್ಲವೋ ತಿಳಿಯಲು ಮುಂದಿನ ಎರಡು ಸಾಲಿನ ತಲೆಗಳನ್ನು ನೋಡಿ. ಮೈಕು ಇನ್ನೂ ನಿಮ್ಮ ಕೈಯಲ್ಲೇ ಇರುವಾಗ ಜನರ ತಲೆ ಜೊತೆಯವರ ಕಡೆ ತಿರುಗಿದರೆ ಅದು ಕೂತಿದೆ. ಮೈಕಿನ ಹಿಂದೆ ಹಿಂದೆ ತಿರುಗಿದರೆ ಅರ್ಧ. ಫೋನು ತೆಗೆದರೆ ಆ ವಾಕ್ಯವನ್ನು ಮನೆಗೆ ಹೋಗಿ ಮತ್ತೆ ಬರೆಯಬೇಕು.

ಹೋದ ಸಲ ಸಭೆ ಮುಗಿದ ಮೇಲೆ ಕಾಫಿ ಕುಡಿಯುತ್ತಾ ರಟ್ಟು ತೆಗೆದು ನೋಡಿದೆವು. ನಾಲ್ಕನೆಯ ಕೀಲಿನಲ್ಲಿ ಫೋನುಗಳು ಹೊರಗೆ ಬಂದಿದ್ದವು. ಅಲ್ಲಿದ್ದದ್ದು ನನ್ನ ವಾಕ್ಯ: "ಇದನ್ನೆಲ್ಲ ಯಾವ ತಿಂಗಳಲ್ಲಿ ಮಾಡ್ಬೇಕು ಅನ್ನೋದನ್ನ ಈಗ ನೋಡೋಣ." ಗೌಡ್ರು ಪೆನ್ನು ತೆಗೆದು ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಬರೆದರು: "ಈಗ ಫೆಬ್ರವರಿ. ಹೂಮಳೆ ಇನ್ನೂ ಬಂದಿಲ್ಲ. ನಾಳೆ ಬೆಳಿಗ್ಗೆ ತೋಟಕ್ಕೆ ಹೋದ್ರೆ ಮೊದಲು ಯಾವ ಸಾಲಿಗೆ ಹೋಗ್ತೀರಿ?"